‘ಸೂಪರ್’ ಅಂದ್ರೆ ಇಟಗಿ ಕಾಣಲ್ಲ (ಕ್ಯಾಪ್ಶನ್ ಮಾತು, ಭಾಗ 3)

ದೋಸ್ತರ, ನೇರವಾಗಿ ಹೇಳಿಬಿಡ್ತೀನಿ. ಪ್ರವಾಸದ ಫೋಟೋ ಕೆಳಗೆ ‘ಸೂಪರ್’, ‘ಅದ್ಭುತ’, ‘ಭೂಮಿ ಮೇಲಿನ ಸ್ವರ್ಗ’ ಅಂತ ಬರೆದ್ರೆ ಆ ಜಾಗವನ್ನ ಹೊಗಳಿದಂಗ ಆಗಲ್ಲ. ಬರೀ ಹಾಜರಿ ಹಾಕಿ ಬಂದಂಗ ಆಗ್ತೈತಿ. ಸಿಟ್ಟಾಗಬ್ಯಾಡ್ರಿ, ಪೂರ್ತಿ ಓದ್ರಿ, ಆಮೇಲೆ ಕಮೆಂಟಿನ್ಯಾಗ ಜಗಳ ಮಾಡೋಣ.

ನಮ್ಮ ಗಿಣಿಗೇರಾ ಕಡೆಯವರಿಗೆ ಈ ಮಾತು ಸ್ವಲ್ಪ ಹೆಚ್ಚೇ ತಟ್ಟಬೇಕು. ಹಂಪಿ ನೋಡೋಕೆ ಬಂದವರು ನಮ್ಮ ಜಿಲ್ಲೆಯನ್ನ ರೈಲಿನ ಕಿಟಕಿಯಿಂದ ನೋಡಿ ಮುಂದೆ ಹೋಗ್ತಾರೆ. ನಮ್ಮಲ್ಲಿ ಏನೈತಿ ಅಂತ ಹೊರಗಿನವರಿಗೆ ಗೊತ್ತಾಗೋದು ಈಗ ಬಹುಪಾಲು ನಾವು ಹಾಕೋ ಫೋಟೋ, ನಾವು ಬರೆಯೋ ನಾಲ್ಕು ಸಾಲಿನಿಂದಲೇ. ಆ ನಾಲ್ಕು ಸಾಲೂ ಹಂಪಿಯ ಕ್ಯಾಪ್ಶನ್ನಿನ ಕಾಪಿ ಆದ್ರೆ, ಅವರು ಹಂಪಿಗೇ ಹೋಗ್ತಾರೆ. ಇಲ್ಲಿ ಯಾಕ ಇಳೀಬೇಕು?

ಒಂದು ಕ್ಯಾಪ್ಶನ್ ತಗೊಂಡು ರಿಪೇರಿ ಮಾಡಿ ನೋಡೋಣ. ಜಾಗ: ಇಟಗಿ ಮಹಾದೇವ ದೇವಾಲಯ. ಗಿಣಿಗೇರಾದಿಂದ ಗದಗ ಕಡೆ ಹೋಗೋ ಪ್ಯಾಸೆಂಜರ್ ಹತ್ತಿ ಬನ್ನಿಕೊಪ್ಪದಾಗ ಇಳಿದ್ರೆ ಹತ್ತಿರ. ಫೋಟೋ: ಮಂಟಪದ ಕಂಬಗಳು. ಕ್ಯಾಪ್ಶನ್ ಹಿಂಗೈತಿ ಅಂದ್ಕೊಳ್ರಿ:

“ಇಟಗಿ ಮಹಾದೇವ ದೇವಾಲಯ. ಅದ್ಭುತ ಶಿಲ್ಪಕಲೆ! ಸ್ವರ್ಗಕ್ಕೆ ಹೋದಂಗಾಯ್ತು. ವರ್ಣಿಸಲು ಪದಗಳೇ ಸಾಲದು. ಜೀವನದಾಗ ಒಮ್ಮೆಯಾದ್ರೂ ನೋಡಲೇಬೇಕು.”

ಮೊದಲು ಒಂದು ಪರೀಕ್ಷೆ. ‘ಇಟಗಿ ಮಹಾದೇವ’ ತೆಗೆದು ‘ಬೇಲೂರು ಚೆನ್ನಕೇಶವ’ ಅಂತ ಹಾಕ್ರಿ. ಏನಾದ್ರೂ ಕೆಟ್ಟಿತಾ? ಇಲ್ಲ. ‘ಲಕ್ಕುಂಡಿ’ ಹಾಕ್ರಿ, ಆಗಲೂ ಸರಿ ಹೋಗ್ತೈತಿ. ಅಂದ್ರೆ ಆ ನಾಲ್ಕು ಸಾಲಿನಾಗ ಇಟಗಿ ಇರಲೇ ಇಲ್ಲ, ಹೆಸರು ಮಾತ್ರ ಇತ್ತು. ಯಾವ ಊರಿಗಾದ್ರೂ ಹೊಂದೋ ಸಾಲು ಯಾವ ಊರಿನದೂ ಅಲ್ಲ.

ಈಗ ಯಾರಾದ್ರೂ ಕೇಳಬಹುದು: “ಅಲ್ಲೋ, ಅಲ್ಲಿಯ ಶಾಸನದಾಗೇ ಈ ಗುಡಿಯನ್ನ ‘ದೇವಾಲಯ ಚಕ್ರವರ್ತಿ’ ಅಂತ ಹೊಗಳ್ಯಾರ. ಅವರು ಹೊಗಳಿದ್ರೆ ಸರಿ, ನಾವು ಹೊಗಳಿದ್ರೆ ತಪ್ಪಾ?” ಒಳ್ಳೆ ಪ್ರಶ್ನೆ. ಆದ್ರೆ ಶಾಸನ ಬರೀ ಹೊಗಳಿ ಸುಮ್ಮನಾಗಿಲ್ಲ. ಕಟ್ಟಿಸಿದವರು ಯಾರು, ಯಾವಾಗ ಅನ್ನೋ ವಿವರನೂ ಕೊಟ್ಟೈತಿ: ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ, ಕ್ರಿ.ಶ. 1112. ಹೊಗಳಿಕೆ ಜೊತೆ ವಿವರ ಇದ್ದದ್ದಕ್ಕೇ ಒಂಬತ್ತು ಶತಮಾನ ಆದ ಮೇಲೂ ಆ ಮಾತಿಗೆ ತೂಕ ಐತಿ. ಮತ್ತೆ ಶಾಸನದವರ ಹತ್ರ ಫೋಟೋ ಇರಲಿಲ್ಲ. ನಿಮ್ಮ ಹತ್ರ ಐತಿ.

ಇದೇ ನನ್ನ ಮುಖ್ಯ ಮಾತು. ಕಣ್ಣಿನ ಕೆಲಸ ಫೋಟೋ ಆಗಲೇ ಮಾಡಿಬಿಟ್ಟೈತಿ. ಕಂಬ ಚೆಂದ ಐತಿ ಅಂತ ನೀವು ಬರೆಯೋ ಮೊದಲೇ ಓದುವವರಿಗೆ ಕಂಡೈತಿ. ಫೋಟೋಕ್ಕೆ ಆಗದ ಕೆಲಸ ಕ್ಯಾಪ್ಶನ್ ಮಾಡಬೇಕು: ಕಾಲಿಗೆ ಏನು ತಾಕಿತು, ಕಿವಿಗೆ ಏನು ಬಿತ್ತು, ಮೂಗಿಗೆ ಏನು ಬಂತು.

ರಿಪೇರಿ ಶುರು ಮಾಡೋಣ. ‘ಅದ್ಭುತ ಶಿಲ್ಪಕಲೆ’ ಅನ್ನೋ ಪದಕ್ಕೆ ಒಂದು ಪ್ರಶ್ನೆ ಕೇಳ್ರಿ: ಯಾವುದನ್ನ ಕಂಡಾಗ ಆ ಪದ ಬಾಯಿಗೆ ಬಂತು? ಇಟಗಿಯಲ್ಲಿ ಬಹಳ ಮಂದಿಗೆ ಅದು ಕಂಬಗಳ ನುಣುಪು. ಕಲ್ಲನ್ನ ಲೇತ್ ಮೇಲೆ ಇಟ್ಟು ತಿರುಗಿಸಿ ಕಡೆದಂಗ ದುಂಡಗೆ, ಬಳೆ ಬಳೆಯಾಗಿ ಅಂಚು ಬಂದಾವ. ಆ ನುಣುಪಿಗೆ ಕಾರಣನೂ ಐತಿ. ಅದು ಬಳಪದ ಕಲ್ಲು, ಬಹಳ ಮೆದು. ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಸಾಧ್ಯ ಆಗೈತಿ.

ಇಲ್ಲಿ ನಿಲ್ರಿ. ‘ಬಳಪದ ಕಲ್ಲು’ ಅಂದಕೂಡ್ಲೇ ನಿಮ್ಮ ಬೆರಳಿಗೆ ಏನೋ ನೆನಪಾತಲ್ಲ? ಒಂದನೇ ಕ್ಲಾಸಿನಾಗ ಪಾಟಿ ಮೇಲೆ ಬರೆದ ಬಳಪ. ಬೆರಳಿನ ನಡುವೆ ಜಾರೋ ಆ ನುಣುಪು, ಕೈಗೆ ಹತ್ತೋ ಪುಡಿ. ಇಟಗಿಗೆ ಎಂದೂ ಹೋಗದವರಿಗೂ ಅದು ಗೊತ್ತು. ಓದುವವರ ಕೈಯಾಗ ಆಗಲೇ ಇರೋ ನೆನಪನ್ನ ಎಬ್ಬಿಸಿದ್ರೆ ಸಾಕು, ಅವರು ತಾವೇ ಆ ಕಂಬದ ಪಕ್ಕ ಬಂದು ನಿಲ್ತಾರೆ. ಹಂಗಂತ ಕ್ಯಾಪ್ಶನ್ನಿಗಾಗಿ ಕೆತ್ತನೆ ಸವರಬ್ಯಾಡ್ರಿ, ಕೈ ಬೆವರಿಗೆ ಕಲ್ಲು ಹಾಳಾಗ್ತೈತಿ. ಸ್ಪರ್ಶಕ್ಕೆ ಪಾದ ಸಾಕು. ಹೆಂಗೂ ಚಪ್ಪಲಿ ಹೊರಗೆ ಬಿಟ್ಟಿರ್ತೀರಿ.

ಎರಡನೆಯದು ‘ಸ್ವರ್ಗಕ್ಕೆ ಹೋದಂಗಾಯ್ತು’. ಯಾವ ಗಳಿಗೆಯಲ್ಲಿ ಹಂಗ ಅನಿಸಿತು? ಏಪ್ರಿಲ್ ಮಧ್ಯಾಹ್ನ ಆಗಿದ್ರೆ ನಾನು ಹೇಳ್ತೀನಿ: ಹೊರಗಿನ ಕಾದ ಕಲ್ಲು ದಾಟಿ ಮಂಟಪದ ನೆರಳಿಗೆ ಕಾಲಿಟ್ಟ ಗಳಿಗೆ. ಹಂಗಾದ್ರೆ ಸ್ವರ್ಗ ಬಿಟ್ಟು ಅಂಗಾಲಿನ ಬಗ್ಗೆ ಬರೀರಿ.

ಉಳಿದ ಎರಡು ಸಾಲು, ‘ಪದಗಳೇ ಸಾಲದು’, ‘ಒಮ್ಮೆಯಾದ್ರೂ ನೋಡಲೇಬೇಕು’, ಹೊಡೆದುಹಾಕ್ರಿ. ಪದ ಸಾಲದು ಅನ್ನೋಕೂ ಪದ ಖರ್ಚು ಮಾಡಿರ್ತೀರಿ. ನೋಡಬೇಕೋ ಬ್ಯಾಡೋ ಅಂತ ಓದಿದವರು ತೀರ್ಮಾನ ಮಾಡಲಿ.

ರಿಪೇರಿ ಆದ ಮೇಲೆ:

“ಹೊರಗಿನ ಕಲ್ಲು ಅಂಗಾಲು ಚುರ್ ಅನಿಸಿತು, ಓಡಿ ಮಂಟಪ ಹತ್ತಿದ್ವಿ. ಒಳಗ ನೆಲ ಮಣ್ಣಿನ ಕೊಡದ ಹಂಗ ತಣ್ಣಗ. ಕಂಬ ಬಳಪದ ಕಲ್ಲಿನವು. ಎಷ್ಟು ನುಣುಪು ಅಂದ್ರ ಬಿಸಿಲು ಅವುಗಳ ಮ್ಯಾಲ ಒಂದು ಬಿಳಿ ಗೀಟಾಗಿ ನಿಂತಿತ್ತು. ಇಟಗಿ, 1112.”

ಎಣಿಸಿ ನೋಡ್ರಿ, ಒಂದೂ ಹೊಗಳಿಕೆ ಪದ ಇಲ್ಲ. ಈಗ ‘ಬೇಲೂರು’ ಅಂತ ಹೆಸರು ಬದಲಿಸಿದ್ರೆ ಇಸವಿ ಸುಳ್ಳಾಗ್ತೈತಿ, ಅಲ್ಲಿ ನಿಂತಿದ್ದ ನಿಮ್ಮ ಮಧ್ಯಾಹ್ನನೂ ಸುಳ್ಳಾಗ್ತೈತಿ. ಇನ್ನೊಂದು ಗಮನಿಸ್ರಿ: ಕಾಲು ಸುಟ್ಟದ್ದು ಮೊದಲ ಸಾಲಿನಾಗೈತಿ. ಫೀಡಿನಾಗ ಮೊದಲ ಒಂದೆರಡು ಸಾಲು ಮಾತ್ರ ಕಾಣ್ತಾವ, ಉಳಿದದ್ದಕ್ಕೆ ಒತ್ತಿ ತೆರೀಬೇಕು. ಊರಿನ ಹೆಸರು ಲೊಕೇಶನ್ನಿನಾಗ ಹೆಂಗೂ ಇರ್ತೈತಿ, ಅದನ್ನ ಕಡೆಗೆ ಇಟ್ರೂ ನಡೀತೈತಿ.

ಇದರಾಗ ಕೆಡೋದು ಎರಡು ಕಡೆ. ಒಂದು, ಐದೂ ಇಂದ್ರಿಯ ತುಂಬಿಸೋ ಆಸೆ. ಕಾಲು, ಕಂಬ, ಹೂವಿನ ವಾಸನೆ, ಗಂಟೆ, ಮಿರ್ಚಿ ಎಲ್ಲಾ ಸೇರಿಸಿದ್ರೆ ಒಂದೂ ನೆನಪಿರಲ್ಲ. ಎರಡು ಸಾಕು. ಇನ್ನೊಂದು, ಸುಳ್ಳು ವಿವರ. ಗುಡಿ ಅಂದಕೂಡ್ಲೇ ‘ಗಂಟೆಯ ನಾದ, ಧೂಪದ ಪರಿಮಳ’ ಅಂತ ಕೈ ತಾನೇ ಟೈಪ್ ಮಾಡ್ತೈತಿ. ಆ ದಿನ ಗಂಟೆ ಹೊಡೆದಿತ್ತಾ? ಇಲ್ಲ ಅಂದ್ರೆ ಅದೂ ‘ಅದ್ಭುತ’ದ ತಮ್ಮನೇ. ಪಾರಿವಾಳ ರೆಕ್ಕೆ ಬಡಿದದ್ದು ಕೇಳಿದ್ರೆ ಅದನ್ನ ಬರೀರಿ. ಏನೂ ಕೇಳಲಿಲ್ಲ ಅಂದ್ರೆ ಮೌನ ಅಂತ ಬರೀರಿ.

ಕಡೆಗೆ, ಇದು ಬರೀ ಗುಡಿಗಳ ಮಾತಲ್ಲ. ‘ನಮ್ಮೂರು ಸ್ವರ್ಗ’ ಅಂತ ಗಿಣಿಗೇರಾ ಸ್ಟೇಷನ್ನಿನ ಸೂರ್ಯಾಸ್ತದ ಫೋಟೋ ಬಹಳ ಬರ್ತಾವ. ಆ ಕೆಂಪಿನಾಗ ಮೋಡ ಎಷ್ಟು, ಕಾರ್ಖಾನೆ ಹೊಗೆ ಎಷ್ಟು? ಮಾಳಿಗೆ ಮೇಲೆ ಒಣ ಹಾಕಿದ ಬಿಳಿ ಅಂಗಿ ಸಂಜೆ ಕೊಡವಿದ್ರೆ ಏನು ಉದುರ್ತೈತಿ? ‘ಸ್ವರ್ಗ’ ಅನ್ನೋ ಪದ ಆ ಕರಿ ಪುಡಿಯನ್ನ ಮುಚ್ಚಿಡ್ತೈತಿ. ಕೊಡವಿದ ಅಂಗಿಯ ಒಂದು ಸಾಲು ಅದನ್ನ ತೋರಿಸ್ತೈತಿ, ಯಾರನ್ನೂ ಬೈಯದೇನೇ. ಇಟಗಿಯ ತಂಪನ್ನ ತೋರಿಸೋ ಬರವಣಿಗೆನೇ ನಮ್ಮ ಗಾಳಿಯನ್ನೂ ತೋರಿಸಬೇಕು. ಹೊಗಳಿಕೆಗೆ ಆ ಶಕ್ತಿ ಇಲ್ಲ.

ಈಗ ನಿಮ್ಮ ಸರದಿ. ಗ್ಯಾಲರಿಯಾಗ ಇರೋ ನಿಮ್ಮ ಹಳೇ ಪ್ರವಾಸದ ಒಂದು ಫೋಟೋ ತೆಗೀರಿ. ಹೊಗಳಿಕೆ ಪದ ಒಂದೂ ಇಲ್ಲದೆ ಮೂರು ಸಾಲು ಕಮೆಂಟಿನಾಗ ಬರೀರಿ, ಊರಿನ ಹೆಸರು ಹಾಕಬ್ಯಾಡ್ರಿ. ಯಾವ ಊರು ಅಂತ ನಾವು ಹೇಳ್ತೀವಿ.

#ಕ್ಯಾಪ್ಶನ್ಮಾತು #ಇಟಗಿ #ಗಿಣಿಗೇರಾ #ನಮ್ಮಕೊಪ್ಪಳ