ಮೂರು ರೂಪಾಯಿ ಅರವತ್ತು ಪೈಸೆಯ ಲೆಕ್ಕ

ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್‌ನಲ್ಲಿ ನಾವೆಲ್ಲ ಮೊದಲು ನೋಡುವುದು ಕಟ್ಟಬೇಕಾದ ಒಟ್ಟು ಮೊತ್ತ ಮತ್ತು ಕೊನೆಯ ದಿನಾಂಕ. ನಡುವೆ ಬರುವ 3.60, 21.60, 17.82 ರೂಪಾಯಿಗಳ ಪುಟ್ಟ ಸಾಲುಗಳನ್ನು ಯಾರೂ ಓದುವುದಿಲ್ಲ. ಆದರೆ ಶುಲ್ಕದ ಗುಟ್ಟು ಇರುವುದು ಅಲ್ಲಿಯೇ.

ಈ ಮೂರೂ ನನ್ನ ಒಂದೇ ತಿಂಗಳ ಸ್ಟೇಟ್‌ಮೆಂಟ್‌ನಲ್ಲಿದ್ದವು. ಮೂರರ ಮುಂದೆಯೂ ಇದ್ದದ್ದು ‘ಜಿಎಸ್‌ಟಿ’ ಎಂಬ ಪದ ಮಾತ್ರ; ಯಾವುದರ ಮೇಲಿನ ತೆರಿಗೆ ಎಂಬ ವಿವರ ಇರಲಿಲ್ಲ. ಕಾರ್ಡ್ ಶುಲ್ಕಗಳ ಮೇಲಿನ ಜಿಎಸ್‌ಟಿ ಶೇ 18. ಹಾಗಾಗಿ ಈ ಮೊತ್ತವನ್ನು 18ರಿಂದ ಭಾಗಿಸಿ 100ರಿಂದ ಗುಣಿಸಿದರೆ ಮೂಲ ಶುಲ್ಕ ಸಿಗುತ್ತದೆ.

3.60ರ ಹಿಂದೆ ಸಿಕ್ಕಿದ್ದು 20 ರೂಪಾಯಿ. ಅದು ನಾನು ಹಾಕಿಸಿದ 2,000 ರೂಪಾಯಿ ಪೆಟ್ರೋಲ್‌ಗೆ ಶೇ 1ರ ಸರ್‌ಚಾರ್ಜ್. ‘ಸರ್‌ಚಾರ್ಜ್ ಮನ್ನಾ’ ಎಂಬ ಭರವಸೆಯಂತೆ ಆ 20 ರೂಪಾಯಿ ವಾಪಸ್ ಬಂತು, ತೆರಿಗೆ ಬರಲಿಲ್ಲ. ಮನ್ನಾಕ್ಕೂ ಮಿತಿಯುಂಟು. ನನ್ನ ಕಾರ್ಡ್‌ನಲ್ಲಿ ಬಿಲ್ 400ರಿಂದ 5,000 ರೂಪಾಯಿಯೊಳಗೆ ಇರಬೇಕು. ಸ್ಕೂಟರಿಗೆ 300 ರೂಪಾಯಿ ಪೆಟ್ರೋಲ್ ಹಾಕಿಸುವವರಿಗೆ ಮನ್ನಾ ಇಲ್ಲವೇ ಇಲ್ಲ.

21.60ರ ಹಿಂದೆ ಇದ್ದದ್ದು 120 ರೂಪಾಯಿ. ಆ್ಯಪ್ ಮೂಲಕ ಕಾರ್ಡ್‌ನಿಂದ ಕಟ್ಟಿದ 12,000 ರೂಪಾಯಿ ಮನೆ ಬಾಡಿಗೆಗೆ ಬ್ಯಾಂಕ್ ಹಾಕಿದ ಶೇ 1ರ ಶುಲ್ಕ ಅದು. ಆ್ಯಪ್‌ನವರು ತೆಗೆದುಕೊಳ್ಳುವ ಶುಲ್ಕ ಇದರಲ್ಲಿ ಸೇರಿಲ್ಲ.

17.82ರ ಹಿಂದೆ 99 ರೂಪಾಯಿ ಇತ್ತು. ಇದು ರಿವಾರ್ಡ್ ಪಾಯಿಂಟ್ ಬಳಸಿದ್ದಕ್ಕೆ ಶುಲ್ಕ. ನನ್ನ 1,200 ಪಾಯಿಂಟ್‌ಗೆ, ತಲಾ 25 ಪೈಸೆಯಂತೆ, 300 ರೂಪಾಯಿ ಸಿಕ್ಕಿತು. ಅದರಲ್ಲಿ 116.82 ಕಳೆದರೆ ಉಳಿದದ್ದು 183.18. ಎಷ್ಟು ಪಾಯಿಂಟ್ ಬಳಸಿದರೂ ಪ್ರತಿ ಸಲಕ್ಕೂ ಇಷ್ಟೇ ಶುಲ್ಕವಾದ್ದರಿಂದ, ಅವಧಿ ಮುಗಿಯುವ ಮೊದಲು ಒಟ್ಟಿಗೇ ಬಳಸುವುದು ಲೇಸು.

ಪೆಟ್ರೋಲಿನ ತೆರಿಗೆಯೂ ಸೇರಿ ಆ ತಿಂಗಳು ಹೋದದ್ದು 262.02 ರೂಪಾಯಿ. ಈ ಶುಲ್ಕಗಳೆಲ್ಲ ಕಾರ್ಡ್‌ನ ‘ಪ್ರಮುಖ ನಿಯಮ ಮತ್ತು ಷರತ್ತು’ಗಳಲ್ಲಿ ಇರುವುದರಿಂದ ಇವನ್ನು ವಂಚನೆ ಎನ್ನಲಾಗದು, ವಾಪಸ್ ಕೇಳಲೂ ಆಗದು. ಆದರೆ ಮಿತಿಯೊಳಗಿನ ಪೆಟ್ರೋಲ್ ಬಿಲ್ಲಿನ ಸರ್‌ಚಾರ್ಜ್ ಮುಂದಿನ ಸ್ಟೇಟ್‌ಮೆಂಟ್‌ನಲ್ಲೂ ವಾಪಸ್ ಬರದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಬಹುದು. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಸಲ್ಲಿಸಬಹುದು.

ನನ್ನ ಆಕ್ಷೇಪ ಶುಲ್ಕದ ಬಗ್ಗೆ ಅಲ್ಲ, ಅದನ್ನು ಬರೆಯುವ ರೀತಿಯ ಬಗ್ಗೆ. ‘12,000 ರೂ. ಬಾಡಿಗೆಗೆ ಶುಲ್ಕ 120, ತೆರಿಗೆ 21.60’ ಎಂದು ಒಂದೇ ಸಾಲಿನಲ್ಲಿ ಮುದ್ರಿಸಲು ಬ್ಯಾಂಕಿಗೆ ಏನು ಕಷ್ಟ? ಹಾಗೆ ಬರೆದರೆ, ಮುಂದಿನ ತಿಂಗಳ ಬಾಡಿಗೆಯನ್ನು ಯುಪಿಐ ಮೂಲಕ ನೇರವಾಗಿ ಬ್ಯಾಂಕ್ ಖಾತೆಯಿಂದ ಕಳಿಸಬೇಕೋ ಕಾರ್ಡ್‌ನಿಂದ ಕಟ್ಟಬೇಕೋ ಎಂದು ಗ್ರಾಹಕನೇ ತೀರ್ಮಾನಿಸುತ್ತಾನೆ.