ಯಾರು, ಯಾರನ್ನು, ಯಾರಿಗೆ

ಇಂಗ್ಲಿಷಿನಲ್ಲಿ ಕೆಲಸ ಮಾಡಿದವನನ್ನು ಕೇಳುವ 'ಹೂ' ಮತ್ತು ಆ ಕೆಲಸಕ್ಕೆ ಗುರಿಯಾದವನನ್ನು ಕೇಳುವ 'ಹೂಮ್' ಎಂಬ ಎರಡು ರೂಪಗಳ ಭೇದ ಬಹುಕಾಲದಿಂದ ಸವೆಯುತ್ತ ಬಂದಿದ್ದು, ಎರಡನೆಯದು ಒಂದೆರಡು ಶತಮಾನಗಳಲ್ಲಿ ಆಡುಮಾತಿನಿಂದ ಪೂರ್ತಿ ಮರೆಯಾಗಬಹುದೆಂದು ಭಾಷಾಶಾಸ್ತ್ರಜ್ಞ ಎಡ್ವರ್ಡ್ ಸಪೀರ್ 1921ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಊಹಿಸಿದ್ದರು. ಆ ಭಾಷೆಯಲ್ಲಿ ಪದಗಳ ಸ್ಥಾನವೇ ಕರ್ತೃವನ್ನೂ ಕರ್ಮವನ್ನೂ ತೋರಿಸಿಕೊಡುವುದರಿಂದ 'ಹೂ ಡಿಡ್ ಯೂ ಸೀ' ಎಂದು ಬರೆದರೂ ಅರ್ಥ ಕೆಡುವುದಿಲ್ಲ. ಆದ್ದರಿಂದ ಸ್ನೇಹಿತರಿಗೆ ಬರೆಯುವ ಪತ್ರದಲ್ಲಿ ಸರಳ ರೂಪ ಸಲ್ಲುತ್ತದೆ, 'ಟು' ಮೊದಲಾದ ಉಪಸರ್ಗಗಳ ಬೆನ್ನಿಗೇ ಬಂದಾಗ ಮಾತ್ರ 'ಹೂಮ್' ಇನ್ನೂ ಗಟ್ಟಿಯಾಗಿ ನಿಂತಿದೆ.

ಕನ್ನಡಕ್ಕೆ ಈ ಸೌಲಭ್ಯವಿಲ್ಲ. ಇಲ್ಲಿ ಪದಗಳು ವಾಕ್ಯದೊಳಗೆ ಸ್ಥಳ ಬದಲಿಸಬಲ್ಲವು, ಕರ್ತೃಪದವನ್ನು ಹೇಳದೆ ಬಿಡುವುದೂ ಸಹಜ. ಹೀಗಾಗಿ 'ಯಾರು ಕರೆದರು' ಎಂಬುದಕ್ಕೂ 'ಯಾರನ್ನು ಕರೆದರು' ಎಂಬುದಕ್ಕೂ ಇರುವ ವ್ಯತ್ಯಾಸವೆಲ್ಲ 'ಅನ್ನು' ಎಂಬ ದ್ವಿತೀಯಾ ವಿಭಕ್ತಿ ಪ್ರತ್ಯಯದ ಮೇಲೆ, ಅಂದರೆ ಕರ್ಮಪದವನ್ನು ಗುರುತಿಸುವ ಕೊನೆಯ ಅಕ್ಷರಗಳ ಮೇಲೆ ನಿಂತಿದೆ. 'ಪತ್ರ ಬರೆದೆ', 'ಚಹಾ ಕುಡಿದೆ' ಎಂಬಲ್ಲಿ ಪತ್ರವಾಗಲಿ ಚಹಾವಾಗಲಿ ಕರ್ತೃವಾಗುವ ಸಂಭವವಿಲ್ಲವಾದ್ದರಿಂದ ಪ್ರತ್ಯಯ ಬಿಟ್ಟರೂ ನಡೆಯುತ್ತದೆ. ಮನುಷ್ಯರ ಮಾತು ಬಂದಾಗ ಹಾಗಲ್ಲ. 'ಹುಡುಗಿ ನೋಡಲು ಹೋಗಿದ್ದಾರೆ' ಎಂಬ ಮದುವೆ ಮನೆಯ ಮಾತಿನಲ್ಲಿ ಪ್ರತ್ಯಯ ಬಿದ್ದುಹೋಗಲು ಕಾರಣ, ಅಲ್ಲಿ ಹುಡುಗಿಯೆಂದರೆ ಗೊತ್ತಾದ ಒಬ್ಬ ವ್ಯಕ್ತಿಯಲ್ಲ, ಹೆಣ್ಣು ನೋಡುವ ಶಾಸ್ತ್ರ; ಹುಡುಗಿಯ ಹೆಸರು ಹೇಳಿದೊಡನೆ 'ಅನ್ನು' ಮರಳಿ ಬರಲೇಬೇಕು.

ಅಂಬರನಾಥ, ಕಲ್ಯಾಣ, ಡೊಂಬಿವಲಿಗಳ ಕನ್ನಡದಲ್ಲಿ ಎದ್ದು ಕಾಣುವ ಸರಳೀಕರಣ ಬೇರೊಂದು ದಾರಿಯದು: ಇಲ್ಲಿ 'ಯಾರನ್ನು' ಎಂಬುದು 'ಯಾರು' ಆಗುವುದಿಲ್ಲ, 'ಯಾರಿಗೆ' ಆಗುತ್ತದೆ. 'ಸಭೆಗೆ ಯಾರಿಗೆ ಕರೆದಿದ್ದೀರಿ', 'ಅವರಿಗೆ ಸ್ಟೇಷನ್‌ನಲ್ಲಿ ನೋಡಿದೆ' ಎಂಬ ವಾಕ್ಯಗಳು ಮಾತಿನಿಂದ ಮೊಬೈಲ್ ಸಂದೇಶಗಳಿಗೂ ಅಲ್ಲಿಂದ ಸಂಘದ ಸುತ್ತೋಲೆಗಳಿಗೂ ಬಂದಿವೆ. ಮರಾಠಿಯಲ್ಲಿ 'ಕೋಣಾಲಾ' ಎಂಬ ಒಂದೇ ರೂಪ ಕರೆಯಲ್ಪಟ್ಟವನಿಗೂ ಪಡೆದವನಿಗೂ ಸಲ್ಲುವುದು, ಹಿಂದಿಯ 'ಕಿಸ್‌ಕೋ' ಕೂಡ ಹಾಗೆಯೇ ನಡೆಯುವುದು ಇದಕ್ಕೆ ಒತ್ತಾಸೆಯಾಗಿದೆ. ಆದರೆ ಇದನ್ನು ಮುಂಬೈಯ ನೆರೆಹೊರೆ ಹುಟ್ಟಿಸಿದ ದೋಷವೆನ್ನುವುದು ಅವಸರದ ತೀರ್ಮಾನ, ಏಕೆಂದರೆ ಉತ್ತರ ಕರ್ನಾಟಕದ ಆಡುಮಾತಿನಲ್ಲಿಯೂ ಈ ಬಳಕೆ ರೂಢವಾಗಿದೆ. ಕರಾವಳಿಯಿಂದ ಬಂದವರಿಗೆ ಮಾತ್ರ ಇದು ಕಿವಿಗೆ ತಾಗುತ್ತದೆ. ಅವರಲ್ಲಿ ಬಹಳ ಮಂದಿಯ ಮನೆಮಾತಾದ ತುಳುವಿನಲ್ಲಿ ಈ ಎರಡು ವಿಭಕ್ತಿಗಳು ಬೇರೆಬೇರೆಯಾಗಿಯೇ ಉಳಿದಿವೆ.

ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬರುವುದನ್ನು ಕನ್ನಡ ವ್ಯಾಕರಣವು 'ವಿಭಕ್ತಿ ಪಲ್ಲಟ' ಎಂದು ಕರೆದು ಬಹಳ ಹಿಂದೆಯೇ ಒಪ್ಪಿಕೊಂಡಿದೆ. 'ಬೆಟ್ಟವನ್ನು ಹತ್ತಿದನು' ಎಂಬಂತೆಯೇ 'ಬೆಟ್ಟಕ್ಕೆ ಹತ್ತಿದನು' ಎಂಬುದೂ ಸಾಧುವೇ. ಆದ್ದರಿಂದ ಪರಿಶೀಲಿಸಬೇಕಾದದ್ದು 'ಯಾರಿಗೆ' ಎಂಬ ರೂಪ ಶುದ್ಧವೋ ಅಶುದ್ಧವೋ ಎಂಬುದನ್ನಲ್ಲ, ಅದು ಯಾವ ಕ್ರಿಯಾಪದದ ಜೊತೆ ಬಂದಿದೆ ಎಂಬುದನ್ನು. ಕರೆ, ನೋಡು, ಬೈ ಎಂಬ ಕ್ರಿಯೆಗಳಿಗೆ ಸಾಮಾನ್ಯವಾಗಿ ಪಡೆಯುವವನೊಬ್ಬ ಬೇರೆಯಾಗಿ ಇರುವುದಿಲ್ಲ. 'ಯಾರಿಗೆ ಕರೆದಿರಿ' ಎಂದರೆ ಗೊಂದಲಕ್ಕೆ ಎಡೆಯಿಲ್ಲ. ಕಳಿಸು, ತೋರಿಸು, ಪರಿಚಯಿಸು ಎಂಬಲ್ಲಿ ಮಾತ್ರ ಕರ್ಮವೂ ಪಡೆಯುವವನೂ ಇಬ್ಬರೂ ಮನುಷ್ಯರಾಗಬಹುದು. 'ಯಾರಿಗೆ ಕಳಿಸಲಿ' ಎಂದು ಬರೆದ ಕಾರ್ಯದರ್ಶಿ ಕಾರ್ಯಕ್ರಮಕ್ಕೆ ಪ್ರತಿನಿಧಿಯಾಗಿ ಹೋಗುವವರ ಹೆಸರು ಕೇಳುತ್ತಿರಬಹುದು, ಆಹ್ವಾನಪತ್ರ ತಲುಪಬೇಕಾದವರ ಹೆಸರನ್ನೂ ಕೇಳುತ್ತಿರಬಹುದು. 'ಅಧ್ಯಕ್ಷರಿಗೆ ಅತಿಥಿಗಳಿಗೆ ಪರಿಚಯಿಸಿದರು' ಎಂಬ ವರದಿಯಿಂದ ಯಾರ ಪರಿಚಯ ಯಾರಿಗಾಯಿತೆಂದು ತಿಳಿಯುವುದಿಲ್ಲ; 'ಅತಿಥಿಗಳನ್ನು' ಎಂದು ತಿದ್ದಿದೊಡನೆ ವಾಕ್ಯ ನಿಚ್ಚಳವಾಗುತ್ತದೆ. ಇದಕ್ಕಿಂತ ಸುಲಭವಾಗಿ ಕಣ್ತಪ್ಪಿಹೋಗುವುದು 'ಬೇಕು' ಎಂಬ ಪದ: ಅದು ಬಯಸುವವನಿಗೇ 'ಗೆ' ಪ್ರತ್ಯಯವನ್ನು ಹಚ್ಚುವುದರಿಂದ 'ಡಾಕ್ಟರರ ಬಳಿ ಯಾರಿಗೆ ತೋರಿಸಬೇಕು' ಎಂಬ ಪ್ರಶ್ನೆಯಲ್ಲಿ ತೋರಿಸಬೇಕೆಂದಿರುವವರು ಯಾರು, ರೋಗಿ ಯಾರು ಎಂಬುದು ಕಲಸಿಹೋಗುತ್ತದೆ.

ಪತ್ರಿಕೆಯ ಪ್ರತಿ ತಿದ್ದುವವರು ಪಾಲಿಸಬೇಕಾದ ಕ್ರಮ ಇದರಿಂದಲೇ ಹೊರಡುತ್ತದೆ. ಕಥೆಯ ಸಂಭಾಷಣೆಯಲ್ಲಿ, ಓದುಗರ ಪತ್ರದಲ್ಲಿ, ಆತ್ಮೀಯ ಧಾಟಿಯ ಪ್ರಬಂಧದಲ್ಲಿ ಬರುವ 'ಯಾರಿಗೆ ನೋಡಿದಿ', 'ಯಾರನ್ನ ಕೇಳ್ಲಿ' ಎಂಬ ರೂಪಗಳನ್ನು ಹಾಗೆಯೇ ಬಿಡಬೇಕು, ಏಕೆಂದರೆ ಅವುಗಳನ್ನು ತಿದ್ದಿದರೆ ಕಲಬುರಗಿಯಿಂದ ಅಂಬರನಾಥಕ್ಕೆ ಬಂದ ಪಾತ್ರದ ಬಾಯಲ್ಲಿ ಪಠ್ಯಪುಸ್ತಕದ ಕನ್ನಡವನ್ನಿಟ್ಟು ಆ ಪಾತ್ರವನ್ನೇ ಕೊಂದಂತಾಗುತ್ತದೆ. ವರದಿ, ವಿಮರ್ಶೆ, ಸೂಚನೆಗಳಲ್ಲಿ 'ಯಾರನ್ನು' ಇರಲಿ. ಒಂದೇ ವಾಕ್ಯದಲ್ಲಿ ಇಬ್ಬರು ಮನುಷ್ಯರಿಗೆ 'ಗೆ' ಹತ್ತಿದ್ದು ಅರ್ಥ ಇಬ್ಬಗೆಯಾದರೆ, ಬರಹ ಎಷ್ಟೇ ಸಲಿಗೆಯದಾಗಿದ್ದರೂ, ಅವುಗಳಲ್ಲಿ ಒಂದನ್ನು ಲೇಖಕರಿಗೆ ತಿಳಿಸಿಯೇ ಬದಲಿಸಬೇಕು.