"ಸೈಡ್ ಎಫೆಕ್ಟ್ ಇಲ್ಲ" ಅನ್ನೋದು ಲ್ಯಾಬ್ ರಿಪೋರ್ಟ್ ಅಲ್ಲ

1/6
ಜಾಲಹಳ್ಳಿ ಕ್ರಾಸ್‌ನಿಂದ ಗಂಗಮ್ಮ ಸರ್ಕಲ್‌ವರೆಗೆ ಯಾವ ಅಂಗಡಿಗೆ ಹೋಗಿ ಮಂಡಿನೋವಿಗೆ ಮಾತ್ರೆ ಕೇಳಿ, ಡಬ್ಬಿ ಜೊತೆ ಒಂದು ಮಾತು ಫ್ರೀ ಸಿಗತ್ತೆ: "ತಗೊಳ್ಳಿ ಅಮ್ಮ, ಆಯುರ್ವೇದಿಕ್, ಸೈಡ್ ಎಫೆಕ್ಟ್ ಇಲ್ಲ."

ನನ್ನ ಜಗಳ ಈ ಮಾತಿನ ಜೊತೆ.

ಎರಡು ಡಬ್ಬಿ ಅಕ್ಕಪಕ್ಕ ಇಡಿ. ಒಂದು ಯೋಗರಾಜ ಗುಗ್ಗುಲು, ಇನ್ನೊಂದು ಮಹಾಯೋಗರಾಜ ಗುಗ್ಗುಲು. ಮೊದಲನೇದರಲ್ಲಿ ಗುಗ್ಗುಲು, ತ್ರಿಫಲ, ಶುಂಠಿ ಥರದ ಗಿಡಮೂಲಿಕೆಗಳಿರ್ತವೆ. ಎರಡನೇದರಲ್ಲಿ ಅವುಗಳ ಜೊತೆಗೆ ನಾಗ ಭಸ್ಮ, ರಸ ಸಿಂಧೂರ ಮುಂತಾದ ಭಸ್ಮಗಳೂ ಇರ್ತವೆ. ಇಲ್ಲಿ ನಾಗ ಅಂದ್ರೆ ಸೀಸ, ರಸ ಅಂದ್ರೆ ಪಾದರಸ. "ಮಹಾ" ಅಂದ್ರೆ ಸ್ವಲ್ಪ ಸ್ಟ್ರಾಂಗ್ ಇರ್ಬೇಕು ಅಂದ್ಕೊಂಡು ಅಜ್ಜಿಗೆ ತಂದುಕೊಡೋರು ಎಷ್ಟೋ ಜನ. ಆ ಎರಡು ಅಕ್ಷರದ ವ್ಯತ್ಯಾಸ ಏನು ಅಂತ ಕೌಂಟರ್‌ನಲ್ಲಿ ಯಾರೂ ಹೇಳಲ್ಲ.

2/6
ಅಂದ್ರೆ ಮಾತ್ರೆಯೊಳಗೆ ಲೋಹ ಬರೋ ದಾರಿ ಎರಡು.

ಒಂದು, ಶಾಸ್ತ್ರದ ಪ್ರಕಾರ ಬೇಕಂತಲೇ ಹಾಕಿದ್ದು. ಇದು ರಸಶಾಸ್ತ್ರದ ಔಷಧ. ಹೆಸರಲ್ಲಿ "ರಸ", "ಭಸ್ಮ", "ಸಿಂಧೂರ" ಇದ್ರೆ, ಅಥವಾ ಲೇಬಲ್‌ನಲ್ಲಿ ಪಾರದ, ಹಿಂಗುಲ, ಕಜ್ಜಲಿ, ಹರತಾಳ, ಮನಃಶಿಲೆ ಅಂತ ಇದ್ರೆ ಅಲ್ಲಿ ಪಾದರಸನೋ, ಆರ್ಸೆನಿಕ್ಕೋ, ಇನ್ಯಾವುದೋ ಲೋಹನೋ ಇದೆ ಅಂತ ಅರ್ಥ.

ಇನ್ನೊಂದು, ಯಾರೂ ಹಾಕದೆ ಸೇರಿಕೊಂಡಿದ್ದು. ಗಿಡ ಬೆಳೆದ ಮಣ್ಣಿಂದ, ರಸ್ತೆ ಪಕ್ಕ ಒಣಗಿಸಿದಾಗ ಬಿದ್ದ ಧೂಳಿಂದ, ಪುಡಿ ಮಾಡೋ ಮೆಷಿನ್ನಿಂದ. ಇದು ಲೇಬಲ್‌ನಲ್ಲಿ ಕಾಣಲ್ಲ.

2008ರಲ್ಲಿ ಅಮೆರಿಕದ ಸಂಶೋಧಕರು ಇಂಟರ್ನೆಟ್‌ನಲ್ಲಿ ಮಾರ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನ ತರಿಸಿ ಪರೀಕ್ಷೆ ಮಾಡಿದ್ರು. ರಸಶಾಸ್ತ್ರದ ಔಷಧಗಳಲ್ಲಿ ಸುಮಾರು 40% ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ತು. ಬರೀ ಗಿಡಮೂಲಿಕೆಯವು ಅನ್ನಿಸಿಕೊಂಡಿದ್ದರಲ್ಲೂ ಸುಮಾರು 17% ರಲ್ಲಿ ಸಿಕ್ತು. "ನಮ್ದು ಪ್ಯೂರ್ ಹರ್ಬಲ್" ಅನ್ನೋ ಉತ್ತರ ಇಲ್ಲಿಗೆ ಮುಗೀತು.

3/6
ಇದರಿಂದ ಯಾರಿಗೆ ಏನಾಯ್ತು ಅಂತೀರಾ? ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2011-12ರಲ್ಲಿ 6 ಗರ್ಭಿಣಿಯರ ರಕ್ತದಲ್ಲಿ ಜಾಸ್ತಿ ಸೀಸ ಕಂಡುಹಿಡೀತು. ಮೂಲ ಹುಡುಕಿದ್ರೆ ಇಂಡಿಯಾದಲ್ಲಿ ತಯಾರಾದ 10 ಆಯುರ್ವೇದ ಔಷಧಗಳು. ಅದರಲ್ಲಿ ಒಂದರ ಹೆಸರು ಗರ್ಭಪಾಲ ರಸ. ಮಗು ಚೆನ್ನಾಗಿರ್ಲಿ ಅಂತಲೇ ಕೊಡೋ ಮಾತ್ರೆ. ಪರೀಕ್ಷೆಯಲ್ಲಿ ಸಿಕ್ಕಿದ್ದರಲ್ಲಿ ಅತಿ ಹೆಚ್ಚು ಸೀಸದ ಪ್ರಮಾಣ 2.4%. ತಾಯಿ ರಕ್ತದ ಸೀಸ ಪ್ಲಸೆಂಟಾ ದಾಟಿ ಮಗುಗೂ ಹೋಗತ್ತೆ.

"ಭಸ್ಮನ ಶೋಧನೆ ಮಾಡಿರ್ತಾರೆ, ಹತ್ತಾರು ಸಲ ಪುಟ ಕೊಟ್ಟಿರ್ತಾರೆ, ವಿಷ ಹೋಗಿರತ್ತೆ" ಅಂತ ವಾಟ್ಸಾಪ್ ಅಂಕಲ್‌ಗಳು ಹೇಳ್ತಾರೆ. ಬೆಂಕಿ ಸೀಸದ ರೂಪ ಬದಲಾಯಿಸತ್ತೆ, ಸೀಸನ ಸುಟ್ಟು ಇಲ್ಲದಂತೆ ಮಾಡಲ್ಲ. ಅದು ಮೈಗೆ ಹತ್ತತ್ತಾ ಇಲ್ವಾ ಅನ್ನೋದಕ್ಕೆ ವಾದ ಬೇಡ, ರಕ್ತ ಪರೀಕ್ಷೆ ಇದೆ. ಆ ಆರೂ ಜನರ ರಕ್ತದಲ್ಲಿ ಅದು ಕಂಡಿತ್ತು.

4/6
ಈಗ ಬಿಕಾಂ ಹುಡುಗರ ಏರಿಯಾ, ಲೆಕ್ಕ.

ಬರೀ ಗಿಡಮೂಲಿಕೆಯ ಔಷಧಕ್ಕೆ ನಮ್ಮ ದೇಶದ ಮಿತಿ ಹೀಗಿದೆ: ಸೀಸ 10 ಪಿಪಿಎಂ, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3. ಈ ಪರೀಕ್ಷೆಯನ್ನ 2006ರ ಜನವರಿ 1ರಿಂದ ಮೊದಲು ಕಡ್ಡಾಯ ಮಾಡಿದ್ದು ಯಾರಿಗೆ ಗೊತ್ತಾ? ಎಕ್ಸ್‌ಪೋರ್ಟ್ ಆಗೋ ಮಾಲಿಗೆ. ಫಾರಿನ್ನವರ ಹೊಟ್ಟೆಗೆ ಮೊದಲ ಮರ್ಯಾದೆ!

10 ಪಿಪಿಎಂ ಅಂದ್ರೆ 1 ಗ್ರಾಂಗೆ 10 ಮೈಕ್ರೋಗ್ರಾಂ. ಇದು ರೇಟ್ ಇದ್ದ ಹಾಗೆ. ಬರೀ ರೇಟ್ ನೋಡಿದ್ರೆ ಬಿಲ್ ಎಷ್ಟು ಅಂತ ಗೊತ್ತಾಗಲ್ಲ, ಕ್ವಾಂಟಿಟಿ ಬೇಕು. 500 ಮಿಲಿಗ್ರಾಂ ಮಾತ್ರೆ, ಮೂರು ಹೊತ್ತು ಎರಡೆರಡು. ದಿನಕ್ಕೆ 6 ಮಾತ್ರೆ, 3 ಗ್ರಾಂ. ಸೀಸ ಸರಿಯಾಗಿ ಮಿತಿಯಲ್ಲೇ ಇದ್ರೂ ದಿನಕ್ಕೆ 30 ಮೈಕ್ರೋಗ್ರಾಂ. ಮಗು ಹೆರೋ ವಯಸ್ಸಿನ ಹೆಂಗಸರಿಗೆ ಆಹಾರದಿಂದ ಹೋಗೋ ಸೀಸಕ್ಕೆ ಅಮೆರಿಕದ ಎಫ್‌ಡಿಎ ಇಟ್ಕೊಂಡಿರೋ ಗುರುತು ದಿನಕ್ಕೆ 8.8 ಮೈಕ್ರೋಗ್ರಾಂ. ಪಾಸಾದ ಮಾತ್ರೆಯೇ ಅದರ ಮೂರು ಪಟ್ಟು ದಾಟಬಹುದು.

ನ್ಯೂಯಾರ್ಕಿನ ಆ 2.4% ಲೆಕ್ಕ ಹಾಕಿ. 1 ಗ್ರಾಂಗೆ 24,000 ಮೈಕ್ರೋಗ್ರಾಂ. ಮಾತ್ರೆ ಕಾಲು ಗ್ರಾಂ ಅಂತ ಇಟ್ಕೊಂಡ್ರೂ ಒಂದೇ ಮಾತ್ರೆಯಲ್ಲಿ 6,000. ಸುಮಾರು 680 ದಿನದ ಕೋಟಾ ಒಂದೇ ಗುಟುಕಲ್ಲಿ.

5/6
"ನಮ್ಮ ಕಂಪನಿಗೆ ಜಿಎಂಪಿ ಇದೆ, ಐಎಸ್ಓ ಇದೆ." ಸಂತೋಷ. ಜಿಎಂಪಿ ಫ್ಯಾಕ್ಟರಿ ಬಗ್ಗೆ ಮಾತಾಡತ್ತೆ: ಜಾಗ, ಸ್ವಚ್ಛತೆ, ರೆಕಾರ್ಡು, ಪರೀಕ್ಷೆಯ ವ್ಯವಸ್ಥೆ. ಐಎಸ್ಓ 9001 ಆಫೀಸಿನ ಪದ್ಧತಿ ಬಗ್ಗೆ. ನಿಮ್ಮ ಕೈಲಿರೋ ಡಬ್ಬಿಯಲ್ಲಿ ಎಷ್ಟು ಸೀಸ ಇದೆ ಅಂತ ಎರಡೂ ಹೇಳಲ್ಲ. ಅದೇ 2008ರ ಅಧ್ಯಯನದಲ್ಲಿ ಲೋಹ ಸಿಕ್ಕ ಉತ್ಪನ್ನಗಳ ಪೈಕಿ 75% "ಜಿಎಂಪಿ ಇದೆ" ಅಂತಲೇ ಹೇಳ್ಕೊಂಡಿದ್ವು.

ಕೇಳಬೇಕಾದ ಕಾಗದ ಒಂದೇ: ಆ ಬ್ಯಾಚಿನ ಅನಾಲಿಸಿಸ್ ಸರ್ಟಿಫಿಕೇಟ್. ಲೇಬಲ್‌ನಲ್ಲಿರೋ ಕಸ್ಟಮರ್ ಕೇರ್‌ಗೆ ಬ್ಯಾಚ್ ನಂಬರ್ ಕಳಿಸಿ, ಕೇಳಿ. ಬಂದ್ರೆ ಹೀಗೆ ಓದಿ.
👉 ಬ್ಯಾಚ್ ನಂಬರ್ ನಿಮ್ಮ ಡಬ್ಬಿದೇನಾ? "ಸ್ಯಾಂಪಲ್ ರಿಪೋರ್ಟ್" ನಡೆಯಲ್ಲ.
👉 ನಾಲ್ಕು ಲೋಹಕ್ಕೂ ಬೇರೆಬೇರೆ ಅಂಕಿ ಇದೆಯಾ? ಬರೀ "ಕಂಪ್ಲೈಸ್" ಅಂತಿದ್ರೆ ಲೆಕ್ಕ ಹಾಕೋಕೆ ಏನೂ ಇಲ್ಲ.
👉 ಪರೀಕ್ಷೆ ವಿಧಾನ ಐಸಿಪಿ-ಎಂಎಸ್ ಅಥವಾ ಎಎಎಸ್ ಅಂತ ಇದೆಯಾ? ಲ್ಯಾಬ್‌ಗೆ ಎನ್‌ಎಬಿಎಲ್ ಮಾನ್ಯತೆ ಇದೆಯಾ?
ಆಮೇಲೆ ಅಂಕಿಯನ್ನ ನಿಮ್ಮ ದಿನದ ಗ್ರಾಂನಿಂದ ಗುಣಿಸಿ.

ಕ್ವಾಲಿಟಿ ಕೌನ್ಸಿಲ್‌ನ "ಆಯುಷ್ ಪ್ರೀಮಿಯಂ ಮಾರ್ಕ್" ಇದ್ರೆ ಜಿಎಂಪಿ ಮುದ್ರೆಗಿಂತ ಒಂದು ಹೆಜ್ಜೆ ಮುಂದೆ, ಯಾಕಂದ್ರೆ ಅದು ಉತ್ಪನ್ನಕ್ಕೇ ಕೊಡೋ ಮಾರ್ಕ್. ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಕರ ವಿಳಾಸ ಯಾವುದೂ ಇಲ್ಲದೆ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಕೊಡೋ ಕಪ್ಪು ಗುಳಿಗೆ ಬಗ್ಗೆ ಚರ್ಚೆನೇ ಬೇಡ. ಪ್ರಶ್ನೆ ಕೇಳೋಕೆ ಅಲ್ಲಿ ಯಾರ ವಿಳಾಸವೂ ಇಲ್ಲ.

6/6
ಈಗಾಗ್ಲೇ ತಿಂಗಳುಗಟ್ಟಲೆ ತಗೊಳ್ತಿದ್ರೆ? ಸೀಸ ಏರಿದಾಗ ಹೊಟ್ಟೆ ಹಿಂಡೋ ನೋವು, ಮಲಬದ್ಧತೆ, ಸುಸ್ತು, ರಕ್ತ ಕಮ್ಮಿ. ನಮ್ಮ ಮನೆಗಳಲ್ಲಿ ಇದಕ್ಕೆಲ್ಲ ಒಂದೇ ಹೆಸರು, "ಗ್ಯಾಸ್ಟ್ರಿಕ್". ಸಾಮಾನ್ಯವಾಗಿ ಮಾಡಿಸೋ ಬ್ಲಡ್ ಟೆಸ್ಟ್‌ನಲ್ಲಿ ಸೀಸ ನೋಡಲ್ಲ. ಡಾಕ್ಟರಿಗೆ ಡಬ್ಬಿನೇ ತೋರಿಸಿ, "ಬ್ಲಡ್ ಲೆಡ್ ಲೆವೆಲ್" ಮಾಡಿಸಬೇಕಾ ಅಂತ ಬಾಯಿಬಿಟ್ಟು ಕೇಳಿ. ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಮುಟ್ಟಿದ್ರೆ ಮೂಲ ಹುಡುಕಿ ನಿಲ್ಲಿಸಬೇಕು ಅನ್ನತ್ತೆ ವಿಶ್ವ ಆರೋಗ್ಯ ಸಂಸ್ಥೆ. ಸೀಸದ ವಿಷಯಕ್ಕೆ ರಾಷ್ಟ್ರೀಯ ರೆಫರಲ್ ಕೇಂದ್ರ ಶುರುವಾಗಿದ್ದೇ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ, ಡಾ. ತುಪ್ಪಿಲ್ ವೆಂಕಟೇಶ್ ಅವರಿಂದ. ಊರಲ್ಲಿ ವಿದ್ಯೆಗೆ ಬರ ಇಲ್ಲ. ಕೇಳೋರಿಗೆ ಬರ.

ಗರ್ಭಿಣಿಯರು, ಮಕ್ಕಳು ಇರೋ ಮನೆಗೆ ನನ್ನ ಮಾತು ನೇರ: ಹೆಸರಲ್ಲಿ ರಸ, ಭಸ್ಮ ಇರೋದನ್ನ ಅಂಗಡಿಯವರ ಮಾತಿನ ಮೇಲೆ ತರಬೇಡಿ.

ಮೂರು ಸಾವಿರ ವರ್ಷದ ಪರಂಪರೆ ಅಂತ ಜಾಹೀರಾತು ಕೊಡೋ ಕಂಪನಿಗೆ ಮೂರು ತಿಂಗಳ ಹಿಂದಿನ ಬ್ಯಾಚಿನ ರಿಪೋರ್ಟ್ ಕೊಡೋಕಾಗಲ್ವಾ? ಕೊಟ್ಟವರ ಹತ್ರ ತಗೊಳ್ಳಿ. ಕೊಡದವರ ಡಬ್ಬಿ ಅಂಗಡಿಯಲ್ಲೇ ಇರ್ಲಿ.

ಸೇವ್ ಮಾಡ್ಕೊಳ್ಳಿ, ಫ್ಯಾಮಿಲಿ ಗ್ರೂಪ್‌ಗೆ ಹಾಕಿ. ಬ್ಯಾಚ್ ರಿಪೋರ್ಟ್ ಕೇಳಿದಾಗ ಏನು ಉತ್ತರ ಬಂತು ಅಂತ ಕಾಮೆಂಟ್ ಮಾಡಿ 👇

#ಕನ್ನಡ #ಜಾಲಹಳ್ಳಿ #ಲೇಬಲ್ಓದಿ #ಬ್ಯಾಚ್‌ರಿಪೋರ್ಟ್ಕೊಡಿ